ಗದ್ಯದಲ್ಲಿರುವ ಕಿರುನಾಟಕವನ್ನು ಸ್ಕ್ರಿಪ್ಟ್ ಮಾಡುವುದು ಹೇಗೆ?

ಕಾಲೇಜಿನ ಕಿರುಚಿತ್ರ ಸ್ಪರ್ಧೆಗೋ ಊರಿನ ತಂಡಕ್ಕೋ ಒಂದು ಸಣ್ಣ ನಾಟಕ ಬರೆದಿರುತ್ತೀರಿ. ಕಥೆ ಹೇಳಿದ ಹಾಗೆ, ಪ್ಯಾರಾ ಪ್ಯಾರಾ ಆಗಿ ಬರೆದಿರುತ್ತೀರಿ. ಓದಿದವರು ಚೆನ್ನಾಗಿದೆ ಅನ್ನುತ್ತಾರೆ. ಆಮೇಲೆ ಸ್ಪರ್ಧೆಯವರು "ಸ್ಕ್ರಿಪ್ಟ್ ಫಾರ್ಮ್ಯಾಟ್‌ನಲ್ಲಿ ಕಳಿಸಿ" ಅಂತಾರೆ. ಮಾತುಗಳನ್ನು ಬೇರೆ ಬೇರೆ ಸಾಲಿಗೆ ಇಳಿಸಿ, ಹೆಸರು ದಪ್ಪ ಮಾಡಿದರೆ ಆಯ್ತು ಅಂತ ಅನಿಸುವುದು ಸಹಜ. ಆದರೆ ಹಾಗೆ ಮಾಡಿ ಕಳಿಸಿದ್ದನ್ನು ನಟರ ಕೈಗೆ ಕೊಟ್ಟರೆ ಮೊದಲ ಪುಟದಲ್ಲೇ ಪ್ರಶ್ನೆಗಳು ಶುರುವಾಗುತ್ತವೆ. ಇದನ್ನು ತೋರಿಸೋದು ಹೇಗೆ? ಇದು ಯಾರಿಗೆ ಗೊತ್ತು? ಇದು ಎಲ್ಲಿ ನಡೆಯಿತು?

ಆ ಪ್ರಶ್ನೆಗಳಿಗೆ ಉತ್ತರ ಬರೆಯುವುದೇ ಸ್ಕ್ರಿಪ್ಟ್ ಮಾಡುವ ಕೆಲಸ. ಸಾಲುಗಳ ಜೋಡಣೆ ಅದರಲ್ಲಿ ಸುಲಭದ ಭಾಗ.

## ಸ್ಕ್ರಿಪ್ಟ್ ಯಾರಿಗಾಗಿ?

ಗದ್ಯವನ್ನು ಓದುಗರು ಓದುತ್ತಾರೆ. ಸ್ಕ್ರಿಪ್ಟನ್ನು ಓದುವವರು ಅದರಿಂದ ಇನ್ನೊಂದನ್ನು ಕಟ್ಟುವವರು: ನಟರು, ಕ್ಯಾಮೆರಾದವರು, ಬೆಳಕಿನವರು, ಸಾಮಾನು ಹೊಂದಿಸುವವರು. ಮನೆ ಕಟ್ಟಿಸುವವರು ಮೇಸ್ತ್ರಿಗೆ "ಗಾಳಿ ಬೆಳಕು ಚೆನ್ನಾಗಿರಬೇಕು" ಅಂತ ಹೇಳಿದರೆ ಸಾಲದು, ಕಿಟಕಿ ಎಲ್ಲಿ, ಎಷ್ಟು ಅಡಿ ಅಂತ ನಕ್ಷೆ ಕೊಡಬೇಕು. ಸ್ಕ್ರಿಪ್ಟ್ ಆ ನಕ್ಷೆ.

ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಸಾಲುಗಳಿರುತ್ತವೆ.

ಮೊದಲನೆಯದು ದೃಶ್ಯದ ತಲೆಬರಹ. ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು, ಇಷ್ಟೇ. "ಒಳಗೆ – ಟೈಲರ್ ಅಂಗಡಿ – ಸಂಜೆ" ಅನ್ನುವ ರೀತಿ. ಇಂಗ್ಲಿಷ್ ಸ್ಕ್ರಿಪ್ಟ್‌ಗಳಲ್ಲಿ ಕಾಣುವ INT. ಮತ್ತು EXT. ಇದೇ ಒಳಗೆ, ಹೊರಗೆ.

ಎರಡನೆಯದು ಕ್ರಿಯೆಯ ಸಾಲು. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಮಾತ್ರ ಇಲ್ಲಿ ಬರುತ್ತದೆ. ಯಾವಾಗಲೂ ಈಗ ನಡೆಯುತ್ತಿರುವ ಹಾಗೆ ಬರೆಯಬೇಕು. "ಬಂದಳು" ಅಲ್ಲ, "ಬರುತ್ತಾಳೆ".

ಮೂರನೆಯದು ಸಂಭಾಷಣೆ. ಮೇಲೆ ಪಾತ್ರದ ಹೆಸರು, ಕೆಳಗೆ ಮಾತು. ಮಾತನ್ನು ಹೇಗೆ ಆಡಬೇಕು ಅನ್ನುವುದು ನಿಜಕ್ಕೂ ಅಸ್ಪಷ್ಟವಾಗಿದ್ದರೆ ನಡುವೆ ಆವರಣದಲ್ಲಿ ಒಂದು ಸಣ್ಣ ಸೂಚನೆ.

## ಒಂದು ಗದ್ಯದ ತುಣುಕು

ನಿಯಮವನ್ನೇ ಹೇಳುತ್ತಾ ಹೋದರೆ ಪ್ರಯೋಜನವಿಲ್ಲ. ಉದಾಹರಣೆಗೆ ಅಂತ ಬರೆದ ಈ ತುಣುಕನ್ನು ಕೈಗೆತ್ತಿಕೊಳ್ಳೋಣ. ಊರು ಶಿವಮೊಗ್ಗ.

> ಶಂಕರಪ್ಪ ಮೂವತ್ತು ವರ್ಷದಿಂದ ಅದೇ ಹೊಲಿಗೆ ಮಿಷಿನ್ ಮುಂದೆ ಕೂತಿದ್ದ. ಮಗಳು ರೇಖಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವುದು ಅವನಿಗೆ ಇಷ್ಟವಿರಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ. ಅವತ್ತು ಸಂಜೆ ಅವಳು ಅಂಗಡಿಗೆ ಬಂದು, ಬ್ಯಾಗನ್ನು ಅವನ ಮುಂದಿಟ್ಟು, ಜಿಪ್ ಕಿತ್ತುಹೋಗಿದೆ ಹಾಕಿಕೊಡು ಎಂದಳು. ನಾಳೆ ಹಾಕುತ್ತೇನೆ ಎಂದ. ರಾತ್ರಿ ಹತ್ತೂವರೆಗೇ ಬಸ್ಸು ಎಂದು ನೆನಪಿಸಿದಳು. ಹೆಂಡತಿ ಬದುಕಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಂಡ. ಊಟಕ್ಕೆ ಕೂತಾಗಲೂ ಇಬ್ಬರೂ ಮಾತಾಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೊಸ ಜಿಪ್ ಹಾಕಿದ ಬ್ಯಾಗನ್ನು ಅವಳ ಕೈಗೆ ಕೊಟ್ಟ. ಒಳಗಿನ ಅಸ್ತರಿನಲ್ಲಿ ಐನೂರರ ಎರಡು ನೋಟು ಹೊಲಿದಿದ್ದ. ಅದು ಅವಳಿಗೆ ಗೊತ್ತಾಗಿದ್ದು ಬಸ್ಸು ತರೀಕೆರೆ ದಾಟಿದ ಮೇಲೆ.

ಓದಲು ಇದರಲ್ಲಿ ಕೊರತೆಯಿಲ್ಲ. ಆದರೆ ಇದರ ಅರ್ಧದಷ್ಟನ್ನು ಕ್ಯಾಮೆರಾ ಹಿಡಿಯಲಾರದು.

## ಮೊದಲು ಜಾಗ ಮತ್ತು ಹೊತ್ತು

ಪೆನ್ಸಿಲ್ ಹಿಡಿದು ಗದ್ಯವನ್ನು ಓದಿ. ಜಾಗ ಬದಲಾದ ಕಡೆ ಒಂದು ಗೆರೆ ಹಾಕಿ. ಜಾಗ ಅದೇ ಇದ್ದು ಹೊತ್ತು ಬದಲಾದರೂ ಗೆರೆ ಹಾಕಿ. ಒಂದೊಂದು ತುಂಡೂ ಒಂದೊಂದು ದೃಶ್ಯ. ಕಾರಣ ಸರಳ. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಜಾಗದ ಲೆಕ್ಕದಲ್ಲಿ ನಡೆಯುತ್ತದೆ. ಅಂಗಡಿಯ ದೃಶ್ಯಗಳನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ, ರಾತ್ರಿಯದ್ದನ್ನು ರಾತ್ರಿ ತೆಗೆಯುತ್ತಾರೆ. ತಲೆಬರಹಗಳನ್ನು ನೋಡಿಯೇ ಆ ಪಟ್ಟಿ ಮಾಡುವುದು.

ನಮ್ಮ ತುಣುಕಿನಲ್ಲಿ ನಾಲ್ಕು ದೃಶ್ಯ ಸಿಗುತ್ತವೆ: ಅಂಗಡಿ ಸಂಜೆ, ಮನೆ ರಾತ್ರಿ, ಬಸ್ ಸ್ಟ್ಯಾಂಡ್ ರಾತ್ರಿ, ಬಸ್ಸಿನ ಒಳಗೆ ರಾತ್ರಿ.

ಹೀಗೆ ಒಡೆದ ಕೂಡಲೇ ಗದ್ಯ ಮುಚ್ಚಿಟ್ಟಿದ್ದ ಒಂದು ಕಂದರ ಕಾಣುತ್ತದೆ. ಸಂಜೆ ಬ್ಯಾಗಿನ ಜಿಪ್ ಕಿತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹೊಸದಿತ್ತು. ಹಾಗಾದರೆ ಹಾಕಿದ್ದು ಯಾವಾಗ? ಗದ್ಯದಲ್ಲಿ "ಹೊಸ ಜಿಪ್ ಹಾಕಿದ ಬ್ಯಾಗು" ಎಂದರೆ ಓದುಗರು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ನೋಡುವವರು ಆ ಬ್ಯಾಗನ್ನು ಸಂಜೆ ಒಂದೇ ಸಲ ನೋಡಿರುತ್ತಾರೆ. ಅವರಿಗೆ ಅದು ನೆನಪಿರಬೇಕು, ಬದಲಾಗಿದೆ ಅಂತ ಗೊತ್ತಾಗಬೇಕು.

ಇಲ್ಲಿ ಒಂದು ತೀರ್ಮಾನ ಮಾಡಲೇಬೇಕು. ಊಟವಾದ ಮೇಲೆ ಶಂಕರಪ್ಪ ಒಬ್ಬನೇ ಅಂಗಡಿಗೆ ಹೋಗುವ ದೃಶ್ಯ ಸೇರಿಸಬಹುದು. ಆದರೆ ಅದರಲ್ಲಿ ನೋಟು ಹೊಲಿಯುವುದನ್ನೂ ತೋರಿಸಿದರೆ ನೋಡುವವರಿಗೆ ಗುಟ್ಟು ಮೊದಲೇ ಗೊತ್ತಾಯಿತು. ಆಗ ಕೊನೆಯಲ್ಲಿ ಉಳಿಯುವ ಪ್ರಶ್ನೆ "ಅವಳಿಗೆ ಯಾವಾಗ ಸಿಗುತ್ತದೆ" ಅನ್ನುವುದು. ತೋರಿಸದಿದ್ದರೆ ಅವಳ ಜೊತೆಗೇ ನಮಗೂ ಗೊತ್ತಾಗುತ್ತದೆ. ಎರಡೂ ಸರಿಯೇ, ಆದರೆ ಎರಡೂ ಬೇರೆ ಬೇರೆ ನಾಟಕ. ಈ ಕಥೆಗೆ ಎರಡನೆಯದು ಹೊಂದುತ್ತದೆ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಗದ್ಯದ ಕೊನೆಯ ಸಾಲು ನಿಂತಿರುವುದೇ ಆ ಗುಟ್ಟಿನ ಮೇಲೆ. ಹಾಗಾಗಿ ಹೊಸ ದೃಶ್ಯ ಸೇರಿಸಿ, ಅವನು ಅಂಗಡಿಯ ಲೈಟ್ ಹಾಕಿ ಬ್ಯಾಗನ್ನು ಮಿಷಿನ್ ಮೇಲಿಡುವ ಹೊತ್ತಿಗೇ ಮುಗಿಸೋಣ. ಅಲ್ಲಿಗೆ ದೃಶ್ಯಗಳು ಐದು.

## ಮನಸ್ಸಿನೊಳಗಿನದ್ದನ್ನು ಏನು ಮಾಡುವುದು?

ಹೆಚ್ಚು ಜನ ಎಡವುವುದು ಇಲ್ಲೇ. "ಇಷ್ಟವಿರಲಿಲ್ಲ", "ಧೈರ್ಯವಿರಲಿಲ್ಲ", "ಎಂದುಕೊಂಡ" – ಇವು ಗದ್ಯದ ಅನುಕೂಲಗಳು. ಇವನ್ನು ಹಾಗೇ ಎತ್ತಿ ಕ್ರಿಯೆಯ ಸಾಲಿಗೆ ಹಾಕಿ "ಶಂಕರಪ್ಪನಿಗೆ ಬೇಸರವಾಗುತ್ತದೆ" ಅಂತ ಬರೆದರೆ ನಟ ಮುಖ ಸಪ್ಪೆ ಮಾಡಿಕೊಂಡು ನಿಲ್ಲಬೇಕಷ್ಟೇ. ಮಗಳು ಹೊರಟಿದ್ದಕ್ಕೆ ಬೇಸರವೋ, ಗಿರಾಕಿ ದುಡ್ಡು ಕೊಡದ್ದಕ್ಕೋ, ನೋಡುವವರಿಗೆ ಗೊತ್ತಾಗುವುದಿಲ್ಲ.

ಅಂಥ ಪ್ರತಿ ಸಾಲಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಬೇಕು. ಕೋಣೆಯಲ್ಲಿ ಕೂತ ಅಪರಿಚಿತನಿಗೆ ಇದು ಹೇಗೆ ಗೊತ್ತಾಗಬೇಕು? ಉತ್ತರ ಒಂದು ಕೆಲಸವಾಗಿರಬಹುದು, ಒಂದು ವಸ್ತುವಾಗಿರಬಹುದು, ಒಂದು ಮಾತಾಗಿರಬಹುದು. ಯಾವುದೂ ಸಿಗದಿದ್ದರೆ, ಆ ಸಾಲು ಇಲ್ಲದೆಯೂ ಕಥೆ ನಡೆಯುತ್ತದಾ ನೋಡಿ. ನಡೆದರೆ ಬಿಟ್ಟುಬಿಡಿ.

"ಮೂವತ್ತು ವರ್ಷ" ತೆಗೆದುಕೊಳ್ಳಿ. ಯಾರಾದರೂ "ಮೂವತ್ತು ವರ್ಷದಿಂದ ಇಲ್ಲೇ ಇದ್ದೀಯ" ಅಂತ ಹೇಳಿಸಬಹುದು. ಆದರೆ ಮನೆಯವರು ಪರಸ್ಪರ ಗೊತ್ತಿರುವ ವಿಷಯವನ್ನು ಹೀಗೆ ಹೇಳಿಕೊಳ್ಳುವುದಿಲ್ಲ. ಅದರ ಬದಲು ಮಿಷಿನ್ನಿನ ಮರದ ಹಲಗೆ ಕೈ ಊರುವ ಜಾಗದಲ್ಲಿ ಸವೆದಿದೆ ಅಂತ ಬರೆದರೆ, ಮೂವತ್ತು ಅನ್ನುವ ಅಂಕಿ ಹೋದರೂ ಬಹಳ ವರ್ಷ ಅನ್ನುವುದು ಉಳಿಯುತ್ತದೆ. ಕಥೆಗೆ ಬೇಕಾಗಿದ್ದೂ ಅಷ್ಟೇ.

"ಹೆಂಡತಿ ಬದುಕಿದ್ದರೆ" ಅನ್ನುವುದು ಇನ್ನೂ ಕಷ್ಟದ್ದು. ಗೋಡೆಗೆ ಹಾರ ಹಾಕಿದ ಫೋಟೊ ತೂಗುಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ತೀರಿಕೊಂಡಿದ್ದಾಳೆ ಅಂತ ಅದು ತಿಳಿಸುತ್ತದೆ, ಈ ಸಂಜೆ ಅವನು ಅವಳನ್ನು ನೆನೆಯುತ್ತಿದ್ದಾನೆ ಅಂತ ತಿಳಿಸುವುದಿಲ್ಲ. ಅದಕ್ಕೆ ಈಗಾಗಲೇ ಕಥೆಯಲ್ಲಿರುವ ವಸ್ತುವನ್ನೇ ಬಳಸಿ. ಆ ಬ್ಯಾಗು ಅವಳದ್ದೇ ಆಗಿರಲಿ. ಆಗ ಜಿಪ್ ಎಳೆದು ನೋಡುತ್ತಾ ಅವನು "ನಿಮ್ಮಮ್ಮ ಇದ್ದಾಗ ಹಾಕಿದ್ದು ಈ ಜಿಪ್ಪು" ಅಂದರೆ ಸಾಕು. "ಇದ್ದಾಗ" ಅನ್ನುವ ಒಂದು ಪದದಲ್ಲಿ ಅವಳಿಲ್ಲ ಅನ್ನುವುದೂ ಬಂತು, ಅವನ ಮನಸ್ಸು ಎಲ್ಲಿದೆ ಅನ್ನುವುದೂ ಬಂತು.

ಇನ್ನು ಕೊನೆಯ ಸಾಲು. "ಅವಳಿಗೆ ಗೊತ್ತಾಗಿದ್ದು" ಅಂತ ಗದ್ಯ ಹೇಳುತ್ತದೆ, ಹೇಗೆ ಗೊತ್ತಾಯಿತು ಅಂತ ಹೇಳುವುದಿಲ್ಲ. ಸ್ಕ್ರಿಪ್ಟ್ ಹೇಳಲೇಬೇಕು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆಯುವಾಗ ಅವಳ ಬೆರಳಿಗೆ ಅಸ್ತರಿನಲ್ಲಿ ಗಟ್ಟಿಯಾದ ಜಾಗ ತಗಲುತ್ತದೆ. ಅಮುಕಿದರೆ ಕಾಗದದ ಸದ್ದು. ನೋಡಿದರೆ ಕಪ್ಪು ಅಸ್ತರಿನ ಮೇಲೆ ಕೆಂಪು ದಾರದ ಹೊಲಿಗೆ. ಆ ಕೆಂಪು ದಾರವನ್ನು ಮೊದಲ ದೃಶ್ಯದಲ್ಲೇ ಮಿಷಿನ್ನಿಗೆ ಏರಿಸಿ ಇಡಬೇಕು. ಆಗ ಯಾರೂ ಏನೂ ಹೇಳದೆ, ಹೊಲಿದವರು ಯಾರು ಅಂತ ನೋಡುವವರೇ ಕೂಡಿಸಿಕೊಳ್ಳುತ್ತಾರೆ. ದಾರ ಬದಲಿಸಲೂ ಹೊತ್ತಿರಲಿಲ್ಲ ಅವನಿಗೆ ಅನ್ನುವುದೂ ಅದರಲ್ಲೇ ಇದೆ. "ತರೀಕೆರೆ ದಾಟಿದ ಮೇಲೆ" ಅನ್ನುವುದಕ್ಕೆ ಕಂಡಕ್ಟರ್ "ತರೀಕೆರೆ ಇಳಿಯೋರು ಬನ್ನಿ" ಅಂತ ಕೂಗಿ, ಬಸ್ಸು ಮತ್ತೆ ಹೊರಟರೆ ಆಯ್ತು.

ಕೊನೆಯಿಂದ ಹಿಂದಕ್ಕೆ ಕೆಲಸ ಮಾಡಿದ್ದನ್ನು ಗಮನಿಸಿ. ಕೊನೆಯಲ್ಲಿ ಏನು ಕಾಣಬೇಕು ಅಂತ ಗೊತ್ತಾದ ಮೇಲೇ ಮೊದಲಲ್ಲಿ ಏನಿಡಬೇಕು ಅಂತ ಗೊತ್ತಾಗಿದ್ದು. ಹಾಗಾಗಿ ಮೊದಲ ಸಾಲಿನಿಂದ ಟೈಪ್ ಮಾಡುತ್ತಾ ಹೋಗುವುದಕ್ಕಿಂತ, ಎಲ್ಲ ದೃಶ್ಯಗಳಿಗೂ ಒಂದೊಂದು ಚೀಟಿ ಮಾಡಿಕೊಂಡು ಅಂಥ ವಸ್ತುಗಳನ್ನು ಮೊದಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

## ಬಂದು, ಇಟ್ಟು, ಎಂದಳು

ಕನ್ನಡ ಗದ್ಯಕ್ಕೆ ಒಂದು ಅಭ್ಯಾಸವಿದೆ. ಕೆಲಸಗಳನ್ನು ಸರಪಳಿ ಹಾಗೆ ಪೋಣಿಸುತ್ತದೆ. "ಅಂಗಡಿಗೆ ಬಂದು, ಬ್ಯಾಗನ್ನು ಮುಂದಿಟ್ಟು, ಹಾಕಿಕೊಡು ಎಂದಳು." ಓದಲು ಚೆಂದ. ಆದರೆ ನಟಿಗೆ ಇಲ್ಲಿ ಮೂರು ಬೇರೆ ಕೆಲಸಗಳಿವೆ. ಬರಬೇಕು, ಇಡಬೇಕು, ಮಾತಾಡಬೇಕು. ಬಂದದ್ದಕ್ಕೂ ಇಟ್ಟದ್ದಕ್ಕೂ ನಡುವೆ ಅವಳು ಅಪ್ಪನನ್ನು ನೋಡುತ್ತಾ ನಿಂತಳಾ? ಸರಪಳಿ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಕ್ರಿಯೆಯ ಸಾಲಿನಲ್ಲಿ ಸರಪಳಿ ಬಿಚ್ಚಿ, ಒಂದು ಕೆಲಸಕ್ಕೆ ಒಂದು ಸಣ್ಣ ವಾಕ್ಯ ಕೊಡಿ. ಎಲ್ಲಿ ಕಣ್ಣು ಬೇರೆ ಕಡೆ ತಿರುಗಬೇಕೋ ಅಲ್ಲಿ ಹೊಸ ಪ್ಯಾರಾ ಮಾಡಿ. ಒಂದು ಪ್ಯಾರಾ ನಾಲ್ಕು ಸಾಲು ದಾಟಿದರೆ ಒಳಗೆ ಇನ್ನೂ ಗದ್ಯ ಉಳಿದಿದೆಯಾ ಅಂತ ನೋಡಿ.

ಮಾತಿನ ವಿಷಯದಲ್ಲಿ ತೊಂದರೆ ಬೇರೆ. "ನಾಳೆ ಹಾಕುತ್ತೇನೆ ಎಂದ" ಅನ್ನುವುದರಲ್ಲಿರುವುದು ಲೇಖಕರ ಭಾಷೆ. ಶಂಕರಪ್ಪನ ಬಾಯಲ್ಲಿ ಅದು "ನಾಳೆ ಹಾಕ್ತೀನಿ" ಆಗುತ್ತದೆ. ಅದೇ ಕಥೆ ಧಾರವಾಡದಲ್ಲಿ ನಡೆದರೆ ಮಾತು ಬೇರೆ, ಮಂಗಳೂರಿನಲ್ಲಿ ನಡೆದರೆ ಬೇರೆ. ಕ್ರಿಯೆಯ ಸಾಲು ಬರಹದ ಕನ್ನಡದಲ್ಲಿರಲಿ, ಮಾತು ಆ ಮನುಷ್ಯರ ಕನ್ನಡದಲ್ಲಿರಲಿ. ಎರಡೂ ಒಂದೇ ಥರ ಕೇಳಿಸುತ್ತಿದ್ದರೆ ಪರಿವರ್ತನೆ ಅರ್ಧಕ್ಕೇ ನಿಂತಿದೆ.

"ನೆನಪಿಸಿದಳು" ಎಂಬಂಥ ಕ್ರಿಯಾಪದಗಳನ್ನೂ ಬಿಡಿಸಬೇಕು. ಯಾವ ಮಾತಿನಿಂದ ನೆನಪಿಸಿದಳು? "ಇವತ್ತು ರಾತ್ರಿ ಹತ್ತೂವರೆಗೆ ನಾನು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದೇನೆ" ಅಂತ ಯಾರೂ ಹೇಳುವುದಿಲ್ಲ. ಅಪ್ಪನಿಗೆ ಗೊತ್ತಿದೆ ಅಂತ ಅವಳಿಗೂ ಗೊತ್ತು. "ಹತ್ತೂವರೆಗೆ ಬಸ್ಸಪ್ಪ" ಅಂದರೆ ಸಾಕು.

## ಬರೆದ ಮೇಲೆ ಮೊದಲ ದೃಶ್ಯ

1. ಒಳಗೆ – ಟೈಲರ್ ಅಂಗಡಿ – ಸಂಜೆ

ಚಿಕ್ಕ ಅಂಗಡಿ. ಹಳೆಯ ಹೊಲಿಗೆ ಮಿಷಿನ್. ಕೈ ಊರುವ ಜಾಗದಲ್ಲಿ ಮರದ ಹಲಗೆ ಸವೆದಿದೆ. ಮಿಷಿನ್ನಿಗೆ ಕೆಂಪು ದಾರ ಏರಿಸಿದೆ.

ಶಂಕರಪ್ಪ (55) ಕೆಂಪು ರವಿಕೆ ಹೊಲಿಯುತ್ತಿದ್ದಾನೆ.

ರೇಖಾ (22) ಬಾಗಿಲಲ್ಲಿ ನಿಲ್ಲುತ್ತಾಳೆ. ಕೈಯಲ್ಲಿ ಹಳೆಯ ಕಪ್ಪು ಬ್ಯಾಗು, ಬಾಯಿ ತೆರೆದುಕೊಂಡಿದೆ.

ಒಳಗೆ ಬರುತ್ತಾಳೆ. ಬ್ಯಾಗನ್ನು ಮಿಷಿನ್ ಪಕ್ಕ ಇಡುತ್ತಾಳೆ.

ರೇಖಾ
ಜಿಪ್ಪು ಕಿತ್ತೋಗಿದೆ. ಹಾಕ್ಕೊಡಪ್ಪ.

ಶಂಕರಪ್ಪ ತಲೆ ಎತ್ತುವುದಿಲ್ಲ. ಮಿಷಿನ್ ತುಳಿಯುತ್ತಲೇ ಇರುತ್ತಾನೆ.

ಶಂಕರಪ್ಪ
ನಾಳೆ ಹಾಕ್ತೀನಿ.

ರೇಖಾ
ಹತ್ತೂವರೆಗೆ ಬಸ್ಸಪ್ಪ.

ಮಿಷಿನ್ ನಿಲ್ಲುತ್ತದೆ. ಈಗ ಬೀದಿಯ ಸದ್ದು ಕೇಳುತ್ತದೆ.

ಶಂಕರಪ್ಪ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಜಿಪ್ ಎಳೆದು ನೋಡುತ್ತಾನೆ. ರನ್ನರ್ ಅವನ ಕೈಗೇ ಬರುತ್ತದೆ.

ಶಂಕರಪ್ಪ
ನಿಮ್ಮಮ್ಮ ಇದ್ದಾಗ ಹಾಕಿದ್ದು ಈ ಜಿಪ್ಪು.

ರೇಖಾ ಉತ್ತರ ಕೊಡುವುದಿಲ್ಲ.

ಇದರಲ್ಲಿ "ಇಷ್ಟವಿರಲಿಲ್ಲ" ಎಲ್ಲಿದೆ? ತಲೆ ಎತ್ತದೆ ತುಳಿಯುವುದರಲ್ಲಿ, "ನಾಳೆ" ಅನ್ನುವುದರಲ್ಲಿ, ಮಿಷಿನ್ ನಿಲ್ಲುವುದರಲ್ಲಿ ಇದೆ. ಮಾತಿನ ಪಕ್ಕ "ಬೇಸರದಿಂದ", "ದುಃಖದಿಂದ" ಅಂತ ಆವರಣದ ಸೂಚನೆ ಒಂದೂ ಇಲ್ಲ. ಮಾತು ಮತ್ತು ಕೆಲಸ ಸರಿಯಾಗಿದ್ದರೆ ಅದು ಬೇಕಾಗುವುದಿಲ್ಲ. "ವ್ಯಂಗ್ಯವಾಗಿ" ಎಂಬಂಥದ್ದು, ಮಾತಿನ ಅರ್ಥವನ್ನೇ ತಿರುಗಿಸುವ ಸೂಚನೆಯಾದರೆ ಮಾತ್ರ ಬರೆಯಿರಿ. ಕ್ಯಾಮೆರಾ ಎಲ್ಲಿರಬೇಕು ಅಂತಲೂ ಬರೆದಿಲ್ಲ. "ರನ್ನರ್ ಅವನ ಕೈಗೇ ಬರುತ್ತದೆ" ಅಂದಾಗ ಹತ್ತಿರದಿಂದ ತೋರಿಸಬೇಕು ಅಂತ ನಿರ್ದೇಶಕರಿಗೆ ತಾನಾಗಿ ಗೊತ್ತಾಗುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗದ್ಯದಲ್ಲಿ "ಶಂಕರಪ್ಪ", "ಅಪ್ಪ", "ಟೈಲರ್" ಅಂತ ಬದಲಿಸಿ ಬದಲಿಸಿ ಬರೆಯುತ್ತೇವೆ. ಸ್ಕ್ರಿಪ್ಟ್‌ನಲ್ಲಿ ಮಾತಿನ ಮೇಲಿನ ಹೆಸರು ಮೊದಲಿಂದ ಕೊನೆಯವರೆಗೆ ಒಂದೇ ಇರಬೇಕು. ಇಲ್ಲದಿದ್ದರೆ ಪಾತ್ರಗಳ ಪಟ್ಟಿ ತೆಗೆದಾಗ ಸಾಫ್ಟ್‌ವೇರ್ ಅವರನ್ನು ಮೂವರು ಅಂತ ಎಣಿಸುತ್ತದೆ.

## ರಂಗದ ಮೇಲೆ ಆಡುವುದಾದರೆ

ಮೇಲಿನದ್ದು ಕ್ಯಾಮೆರಾಕ್ಕೆ. ಅದೇ ಕಥೆಯನ್ನು ರಂಗದ ಮೇಲೆ ತರುವುದಾದರೆ ಐದು ದೃಶ್ಯ ಜಾಸ್ತಿಯಾಯಿತು. ಹತ್ತು ನಿಮಿಷದ ನಾಟಕದಲ್ಲಿ ನಾಲ್ಕು ಸಲ ರಂಗ ಬದಲಿಸುತ್ತಾ ಕೂತರೆ ನಾಟಕಕ್ಕಿಂತ ಕತ್ತಲೆಯೇ ಹೆಚ್ಚು ಹೊತ್ತು ಇರುತ್ತದೆ. ಅಂಗಡಿ ಮತ್ತು ಬಸ್ಸಿನ ಸೀಟು, ಎರಡನ್ನೇ ಇಟ್ಟು ಬೆಳಕಿನಿಂದ ಬೇರೆ ಮಾಡಬಹುದು. ಸವೆದ ಹಲಗೆ ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ, ದಾರದ ಬಣ್ಣವೂ ಕಾಣುವುದು ಕಷ್ಟ. ಅಲ್ಲಿ ದೊಡ್ಡ ಕೆಂಪು ಬಟ್ಟೆಯ ತುಂಡನ್ನೇ ಅಸ್ತರಿಗೆ ತೇಪೆ ಹಾಕಿಸಬೇಕಾದೀತು.

ಬರೆಯುವ ರೀತಿಯೂ ಸ್ವಲ್ಪ ಬೇರೆ. ಅಚ್ಚಾದ ಕನ್ನಡ ನಾಟಕಗಳಲ್ಲಿ ಸಾಮಾನ್ಯವಾಗಿ ಪಾತ್ರದ ಹೆಸರು, ಪಕ್ಕದಲ್ಲೇ ಮಾತು, ರಂಗಸೂಚನೆ ಆವರಣದಲ್ಲಿ ಇರುತ್ತದೆ. ಎಡ, ಬಲ ಅಂತ ಬರೆಯುವಾಗ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟರ ಎಡ ಬಲವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ. ಯಾವ ಸ್ಪರ್ಧೆಗೆ ಕಳಿಸುತ್ತಿದ್ದೀರಿ, ಅವರು ಯಾವ ರೂಪ ಕೇಳಿದ್ದಾರೆ ಅಂತ ಮೊದಲೇ ನೋಡಿಕೊಳ್ಳಿ.

## ಕಂಪ್ಯೂಟರಿನಲ್ಲಿ ಕನ್ನಡದ ತೊಡಕು

ಸ್ಕ್ರಿಪ್ಟ್ ಬರೆಯುವ ಸಾಫ್ಟ್‌ವೇರ್‌ಗಳು ಬಹಳಷ್ಟು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಫೌಂಟನ್ ಅನ್ನುವ ಬರೆಯುವ ಪದ್ಧತಿಯನ್ನೇ ನೋಡಿ. ಸಾದಾ ಪಠ್ಯದ ಕಡತದಲ್ಲಿ ಬರೆದರೆ ಸಾಕು, ಯಾವ ಸಾಲು ತಲೆಬರಹ, ಯಾವುದು ಹೆಸರು ಅಂತ ಸಾಫ್ಟ್‌ವೇರ್ ತಾನೇ ಗುರುತಿಸಿ ಜೋಡಿಸುತ್ತದೆ. ಆದರೆ ಪಾತ್ರದ ಹೆಸರನ್ನು ಗುರುತಿಸುವುದು ಅದು ಪೂರ್ತಿ ದೊಡ್ಡಕ್ಷರದಲ್ಲಿ ಇದೆಯಾ ಅಂತ ನೋಡಿ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನುವುದೇ ಇಲ್ಲ ಅಲ್ವಾ? ಹಾಗಾಗಿ ಹೆಸರೂ ಮಾತೂ ಕ್ರಿಯೆಯ ಸಾಲಿನಲ್ಲೇ ಸೇರಿಹೋಗಬಹುದು.

ಇದಕ್ಕೆ ಪರಿಹಾರ ಆ ಪದ್ಧತಿಯಲ್ಲೇ ಇದೆ. ಹೆಸರಿನ ಮುಂದೆ `@` ಹಾಕಬೇಕು. ತಲೆಬರಹದ ಮುಂದೆ ಒಂದು ಚುಕ್ಕೆ ಇಡಬೇಕು.

```
.ಒಳಗೆ - ಟೈಲರ್ ಅಂಗಡಿ - ಸಂಜೆ

ಶಂಕರಪ್ಪ ತಲೆ ಎತ್ತುವುದಿಲ್ಲ.

@ಶಂಕರಪ್ಪ
ನಾಳೆ ಹಾಕ್ತೀನಿ.

@ರೇಖಾ
ಹತ್ತೂವರೆಗೆ ಬಸ್ಸಪ್ಪ.
```

ಹೆಸರಿನ ಮೇಲೆ ಒಂದು ಖಾಲಿ ಸಾಲು ಇರಬೇಕು, ಹೆಸರಿಗೂ ಮಾತಿಗೂ ನಡುವೆ ಇರಬಾರದು. ಇದೊಂದು ತಪ್ಪಿದರೆ ಮಾತು ಎಡಕ್ಕೆ ಓಡಿ ಕ್ರಿಯೆಯ ಸಾಲಾಗಿಬಿಡುತ್ತದೆ. ಪುಟದಲ್ಲಿ ಮಾತು ನಡುವಿನ ಕಿರಿದಾದ ಅಂಕಣದಲ್ಲಿ ನಿಂತಿದೆಯಾ ಅಂತ ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ಹಳೆಯ ನಾಟಕವನ್ನು ಪರಿವರ್ತಿಸುವವರಿಗೆ ಇನ್ನೊಂದು ಸಮಸ್ಯೆ ಬರಬಹುದು. ನುಡಿ ಅಥವಾ ಬರಹದಲ್ಲಿ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ಪೂರ್ತಿ ಓದಿ ನೋಡಿ.

## ಎಷ್ಟು ನಿಮಿಷ ಬರುತ್ತದೆ?

ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕವನ್ನು ಬಹಳ ಜನ ಕೇಳಿರುತ್ತೀರಿ. ಅದು ಇಂಗ್ಲಿಷ್‌ನಲ್ಲಿ, ಕೊರಿಯರ್ ಫಾಂಟ್‌ನ 12 ಪಾಯಿಂಟ್ ಅಕ್ಷರದಲ್ಲಿ, ನಿಗದಿತ ಅಂಚು ಬಿಟ್ಟು ಜೋಡಿಸಿದ ಪುಟಕ್ಕೆ ಹುಟ್ಟಿದ ಅಂದಾಜು. ಆ ಫಾಂಟ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಕನ್ನಡ ಫಾಂಟ್‌ಗಳು ಹಾಗಿಲ್ಲ, ಒತ್ತಕ್ಷರಕ್ಕಾಗಿ ಸಾಲಿನ ಎತ್ತರವೂ ಜಾಸ್ತಿ ಬೇಕು. ಹಾಗಾಗಿ ಆ ಲೆಕ್ಕವನ್ನು ಕನ್ನಡ ಪುಟಕ್ಕೆ ಹಾಗೇ ಹಾಕಲು ಬರುವುದಿಲ್ಲ.

ನಂಬಬಹುದಾದ ದಾರಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದುವುದು. ಮಾತುಗಳನ್ನು ಇಬ್ಬರು ಓದಲಿ. ಕ್ರಿಯೆಯ ಸಾಲು ಬಂದಾಗ ಓದಿಕೊಂಡು ಮುಂದೆ ಹೋಗುವುದು ಬೇಡ, ಆ ಕೆಲಸಕ್ಕೆ ಬೇಕಾಗುವಷ್ಟು ಹೊತ್ತು ಸುಮ್ನೆ ಕಾಯಿರಿ, ಸಾಧ್ಯವಾದರೆ ಮಾಡಿಯೇ ನೋಡಿ. "ಜಿಪ್ ಎಳೆದು ನೋಡುತ್ತಾನೆ" ಅನ್ನುವ ಮೂರು ಪದಕ್ಕೆ ಎಷ್ಟೋ ಸೆಕೆಂಡು ಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮಾತಿಲ್ಲದ ಊಟದ ದೃಶ್ಯ ಪುಟದಲ್ಲಿ ನಾಲ್ಕೈದು ಸಾಲು ಹಿಡಿದರೂ ಪರದೆಯ ಮೇಲೆ ಒಂದು ನಿಮಿಷ ದಾಟಬಹುದು. ಸ್ಪರ್ಧೆಯ ಮಿತಿಗಿಂತ ಜಾಸ್ತಿ ಬಂದರೆ ಮೊದಲು ಮಾತು ಕಡಿಮೆ ಮಾಡಿ ನೋಡಿ. ಗದ್ಯದಿಂದ ಬಂದ ಸ್ಕ್ರಿಪ್ಟ್‌ಗಳಲ್ಲಿ, ಈಗಾಗಲೇ ಕಂಡದ್ದನ್ನು ಮತ್ತೆ ಬಾಯಲ್ಲಿ ಹೇಳಿಸುವ ಸಾಲುಗಳು ಉಳಿದಿರುವುದೇ ಹೆಚ್ಚು.

ಕಳಿಸುವಾಗ ಪಿಡಿಎಫ್ ಮಾಡಿ, ಅದನ್ನು ಇನ್ನೊಬ್ಬರ ಮೊಬೈಲಿನಲ್ಲಿ ತೆರೆಸಿ ನೋಡಿ. ಕನ್ನಡ ಫಾಂಟು ಕಡತದೊಳಗೆ ಸೇರದೆ ಹೋಗಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಹಾಗೆ ಕಂಡರೆ ಬೇರೆ ಯುನಿಕೋಡ್ ಫಾಂಟ್ ಆರಿಸಿ ಇನ್ನೊಂದು ಸಲ ಪಿಡಿಎಫ್ ಮಾಡಬೇಕು.